ಟ್ಯೂಬೋ, ಟ್ಯೂಬ್‌ಲೆಸ್ಸೋ? ದಾರಿಬದಿಯ ಪಂಕ್ಚರನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಲ್ಲಿ ಹೊಸ ಬೈಕೋ ಸ್ಕೂಟರೋ ತೆಗೆಯುವವರು ಬೆಲೆ ಕೇಳುತ್ತಾರೆ, ಮೈಲೇಜು ಕೇಳುತ್ತಾರೆ, ಸಾಲದ ಕಂತು ಲೆಕ್ಕ ಹಾಕುತ್ತಾರೆ. ಚಕ್ರ ಸ್ಪೋಕಿನದೋ ಅಲಾಯಿಯದೋ ಎಂಬುದನ್ನು ನೋಡಿದರೂ ಚಂದಕ್ಕೆಂದು ನೋಡುವವರೇ ಹೆಚ್ಚು. ನಮ್ಮ ಊರಿನ ದಾರಿಗಳ ಮಟ್ಟಿಗೆ ಆ ಒಂದು ಆಯ್ಕೆಯೇ ಮುಂದಿನ ಎಂಟು ಹತ್ತು ವರ್ಷ ಪಂಕ್ಚರ್ ಆದಾಗಲೆಲ್ಲ ನೀವು ಎಷ್ಟು ಹೊತ್ತು ದಾರಿಯಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಹೆದ್ದಾರಿ ಪೇಟೆಗಳಲ್ಲಿ ಪಂಕ್ಚರ್ ಅಂಗಡಿಗೆ ಬರವಿಲ್ಲ. ಪೇಟೆ ಬಿಟ್ಟು ಒಳಗೆ ಹೊರಟರೆ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಗುಡ್ಡ, ತೋಟ, ರಬ್ಬರ್ ಪ್ಲಾಂಟೇಷನ್ ದಾಟಬೇಕು. ರಾತ್ರಿ ಎಂಟರ ಮೇಲೆ ಇರುವ ಅಂಗಡಿಯೂ ಬಾಗಿಲು ಹಾಕಿರುತ್ತದೆ.

ಇಲ್ಲಿ ದ್ವಿಚಕ್ರದ ಮಾತನ್ನಷ್ಟೇ ಆಡುತ್ತೇನೆ. ಕಾರಿಗೆ ಈಗ ಬರುವುದೆಲ್ಲ ಹೆಚ್ಚುಕಡಿಮೆ ಟ್ಯೂಬ್‌ಲೆಸ್ಸೇ. ಆಯ್ಕೆ ಇನ್ನೂ ಉಳಿದಿರುವುದು ಬೈಕಿನಲ್ಲಿ.

ಗಾಳಿ ಹೋಗುವ ರೀತಿಯಲ್ಲೇ ವ್ಯತ್ಯಾಸ

ಟ್ಯೂಬ್ ಇರುವ ಚಕ್ರದಲ್ಲಿ ಟಯರಿಗೆ ಗಾಳಿ ಹಿಡಿದಿಡುವ ಕೆಲಸವಿಲ್ಲ. ಗಾಳಿ ಇರುವುದು ಒಳಗಿನ ತೆಳು ರಬ್ಬರಿನ ಟ್ಯೂಬಿನಲ್ಲಿ. ಆಣಿಯೊಂದು ಟಯರನ್ನು ದಾಟಿ ಟ್ಯೂಬಿಗೆ ತಾಗಿದರೆ, ಹಿಗ್ಗಿ ನಿಂತ ಆ ರಬ್ಬರು ಆಣಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಚಕ್ರ ತಿರುಗಿದ ಹಾಗೆ ಟ್ಯೂಬ್ ಒಳಗೆ ಸ್ವಲ್ಪ ಸ್ವಲ್ಪ ಜರುಗಿ ತೂತು ಸೀಳಾಗುತ್ತದೆ. ಹೊರಬಂದ ಗಾಳಿ ಟಯರಿನ ಒಳಗೇ ಹರಡಿ, ಸ್ಪೋಕಿನ ತೂತುಗಳಿಂದಲೂ ವಾಲ್ವಿನ ತೂತಿನಿಂದಲೂ ಹೊರಗೆ ಹೋಗುತ್ತದೆ. ಆದ್ದರಿಂದ ಟ್ಯೂಬ್ ಪಂಕ್ಚರ್ ಹೆಚ್ಚಾಗಿ ಒಂದೆರಡು ನಿಮಿಷದ ಕೆಲಸ. ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರಕ್ಕೆ ಹೀಗಾದರೆ ಹ್ಯಾಂಡಲ್ ಕೈಗೆ ಸಿಗುವುದಿಲ್ಲ. ಟ್ಯೂಬ್‌ಲೆಸ್ ಬೇಕು ಎನ್ನುವುದಕ್ಕೆ ನಾನು ಕೊಡುವ ಮೊದಲ ಕಾರಣ ಇದು. ರಿಪೇರಿ ಸುಲಭ ಎಂಬುದು ಎರಡನೆಯದು.

ಟ್ಯೂಬ್‌ಲೆಸ್ ಟಯರಿನ ಒಳಮೈಗೆ ಗಾಳಿ ಸುಲಭಕ್ಕೆ ಬಿಟ್ಟುಕೊಡದ ವಿಶೇಷ ರಬ್ಬರಿನ ಒಂದು ಪದರ ಇರುತ್ತದೆ. ಟಯರಿನ ಎರಡು ಅಂಚುಗಳು ರಿಮ್ಮಿಗೆ ಒತ್ತಿ ಕುಳಿತು ಗಾಳಿಯನ್ನು ಕಟ್ಟುತ್ತವೆ. ರಿಮ್ಮಿನ ಒಳಗೆ, ಅಂಚು ಕೂರುವ ಜಾಗದ ಪಕ್ಕದಲ್ಲಿ, ಸುತ್ತಲೂ ಒಂದು ಸಣ್ಣ ಉಬ್ಬು ಇರುತ್ತದೆ. ಗಾಳಿ ಕಡಿಮೆಯಾದರೂ ಅಂಚು ತಟ್ಟನೆ ಒಳಗೆ ಜಾರದಂತೆ ತಡೆಯುವುದು ಆ ಉಬ್ಬು. ಆಣಿ ಹೊಕ್ಕರೆ ಟಯರಿನ ದಪ್ಪ ರಬ್ಬರು ಅದನ್ನು ಸುತ್ತಲಿಂದ ಹಿಡಿದುಕೊಳ್ಳುತ್ತದೆ. ಗಾಳಿ ಹೋಗುವುದಾದರೂ ಎಳೆಎಳೆಯಾಗಿ. ಬೆಳಿಗ್ಗೆ ಚುಚ್ಚಿದ ಆಣಿ ಸಂಜೆಯವರೆಗೂ ತಿಳಿಯದೆ ಇರುವುದುಂಟು.

ಈ ಮಾತಿನಲ್ಲೇ ಒಂದು ಎಚ್ಚರಿಕೆಯೂ ಇದೆ. ಟ್ಯೂಬ್‌ಲೆಸ್ಸಿನಲ್ಲಿ ಆಣಿ ಕಂಡ ಕೂಡಲೇ ಕೀಳಬಾರದು. ತೂತಿಗೆ ಸದ್ಯದ ಬಿರಡೆ ಅದೇ. ಗಾಳಿ ಇನ್ನೂ ಇದ್ದು, ಅಂಗಡಿ ಹತ್ತಿರದಲ್ಲಿ ಇದ್ದರೆ ಆಣಿಯನ್ನು ಹಾಗೆಯೇ ಬಿಟ್ಟು ನಿಧಾನಕ್ಕೆ ಅಲ್ಲಿಗೆ ಹೋಗುವುದೇ ಸರಿ.

ಆಯ್ಕೆ ಮಾಡುವುದು ಟಯರನ್ನಲ್ಲ, ರಿಮ್ಮನ್ನು

"ನನ್ನ ಬೈಕಿಗೆ ಟ್ಯೂಬ್‌ಲೆಸ್ ಟಯರ್ ಹಾಕಿಸಿದ್ದೇನೆ" ಎಂದು ಹೇಳುವವರು ಸ್ಪೋಕ್ ಚಕ್ರದ ಬೈಕ್ ಓಡಿಸುತ್ತಿದ್ದರೆ, ಒಳಗೆ ಟ್ಯೂಬ್ ಇದ್ದೇ ಇದೆ. ಸಾಮಾನ್ಯ ಸ್ಪೋಕ್ ರಿಮ್ಮಿನಲ್ಲಿ ಪ್ರತಿ ಸ್ಪೋಕಿಗೂ ಒಂದು ತೂತು ಇರುವುದರಿಂದ ಅದು ಗಾಳಿ ಕಟ್ಟುವುದಿಲ್ಲ. ಆ ಟಯರಿನ ಬದಿಯಲ್ಲಿ ಟ್ಯೂಬ್‌ಲೆಸ್ ಎಂದು ಅಚ್ಚಾಗಿದ್ದರೂ ಪಂಕ್ಚರ್ ಆದಾಗ ಅದು ಟ್ಯೂಬ್ ಚಕ್ರವೇ. ತೂತಿಗೆ ಹೊರಗಿನಿಂದ ರಬ್ಬರ್ ಪಟ್ಟಿ ತುರುಕುವ ಪ್ಲಗ್ ಕಿಟ್ ಅದಕ್ಕೆ ಉಪಯೋಗವಿಲ್ಲ, ಕೊರೆಯುವ ಸೂಜಿ ಒಳಗಿನ ಟ್ಯೂಬನ್ನು ಇನ್ನಷ್ಟು ಹರಿಯುತ್ತದೆ. ಸ್ಪೋಕುಗಳು ರಿಮ್ಮಿನ ನಡುವಿಗೆ ಬದಲು ಅಂಚಿಗೆ ಬಂದು ಸೇರುವ, ಗಾಳಿ ಕಟ್ಟುವ ಚಕ್ರಗಳೂ ಈಗ ಇವೆ. ಆದರೆ ಅವು ದುಬಾರಿ ಬೈಕುಗಳಲ್ಲಿ ಮಾತ್ರ ಸಿಗುತ್ತವೆ.

ಹಾಗಾಗಿ ವಾಹನ ಕೊಳ್ಳುವಾಗಲೇ ತೀರ್ಮಾನ ಆಗಬೇಕು. ಒಂದೇ ಬೈಕು ಸ್ಪೋಕಿನಲ್ಲೂ ಅಲಾಯಿಯಲ್ಲೂ ಬರುವುದಾದರೆ, ಅಲಾಯಿಯ ಜೊತೆ ಟ್ಯೂಬ್‌ಲೆಸ್ ಕೊಡುತ್ತಾರೋ ಎಂದು ಕೇಳಿ. ಅಲಾಯಿ ಇದ್ದೂ ಒಳಗೆ ಟ್ಯೂಬ್ ಹಾಕಿ ಬರುವ ಮಾದರಿಗಳಿವೆ. ಗುರುತಿಸುವುದು ಕಷ್ಟವಲ್ಲ. ಟ್ಯೂಬ್ ಇರುವ ಚಕ್ರದ ವಾಲ್ವ್ ಸಾಮಾನ್ಯವಾಗಿ ತಿರುಪಿನ ಗೆರೆಗಳಿರುವ ಲೋಹದ ಕಡ್ಡಿ, ರಿಮ್ಮಿನ ಹತ್ತಿರ ಅದಕ್ಕೊಂದು ನಟ್ಟು. ಟ್ಯೂಬ್‌ಲೆಸ್ ಚಕ್ರದ್ದು ಹೆಚ್ಚಾಗಿ ರಿಮ್ಮಿನ ತೂತಿನಲ್ಲಿ ಬಿಗಿಯಾಗಿ ಕುಳಿತ ದಪ್ಪ ಕಪ್ಪು ರಬ್ಬರಿನ ವಾಲ್ವ್.

ಸ್ಕೂಟರುಗಳ ಕಥೆ ಬೇರೆ. ಅವುಗಳಲ್ಲಿ ತುಂಬ ಕಡೆ ಒತ್ತಿದ ಉಕ್ಕಿನ ರಿಮ್ಮು. ಸ್ಪೋಕ್ ಇಲ್ಲದ ಕಾರಣ ಟ್ಯೂಬ್‌ಲೆಸ್ ಚೆನ್ನಾಗಿ ಕೂರುತ್ತದೆ. ಆದರೆ ನಮ್ಮದು ಕರಾವಳಿ. ಜೂನ್‌ನಿಂದ ನಾಲ್ಕು ತಿಂಗಳು ಮಳೆ, ಉಳಿದ ಕಾಲಕ್ಕೆ ಉಪ್ಪು ಗಾಳಿ. ಪೇಂಟು ಎದ್ದ ಕಡೆ ಉಕ್ಕಿನ ರಿಮ್ಮು ತುಕ್ಕು ಹಿಡಿಯುತ್ತದೆ, ಆ ತುಕ್ಕು ಟಯರಿನ ಅಂಚಿನ ಅಡಿಗೆ ಹೋದರೆ ಗಾಳಿ ಅಲ್ಲಿಂದ ಸೋರುತ್ತದೆ. ವಾರಕ್ಕೊಮ್ಮೆ ಗಾಳಿ ಇಳಿಯುತ್ತದೆ, ಅಂಗಡಿಯವರು ಟಯರನ್ನು ನೀರಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರೂ ತೂತು ಸಿಗುವುದಿಲ್ಲ ಎಂದರೆ ರಿಮ್ಮಿನ ಅಂಚಿಗೇ ಸುತ್ತಲೂ ಸಾಬೂನು ನೀರು ಹಚ್ಚಿ ನೋಡಬೇಕು. ಸಣ್ಣ ಗುಳ್ಳೆಗಳ ನೊರೆ ಒಂದೇ ಜಾಗದಲ್ಲಿ ಕಟ್ಟಿ ನಿಂತರೆ ಅದೇ ರೋಗ. ಟಯರ್ ಕಳಚಿ, ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆದು, ಪೇಂಟು ಹೊಡೆದು, ಒಣಗಿದ ಮೇಲೆ ಕೂರಿಸಬೇಕು. ಅಲಾಯಿಗೆ ಈ ತುಕ್ಕಿನ ಕಾಟ ಕಡಿಮೆ. ಆದರೆ ಗಾಳಿ ಕಡಿಮೆ ಇದ್ದಾಗ ದೊಡ್ಡ ಹೊಂಡಕ್ಕೆ ಇಳಿದರೆ ಅಂಚು ಬಗ್ಗಬಹುದು, ಬಿರುಕೂ ಬಿಡಬಹುದು. ಸ್ಪೋಕ್ ರಿಮ್ಮು ಹೊಡೆತ ತಿಂದರೂ ಸ್ಪೋಕ್ ಬಿಗಿದು ಸರಿಮಾಡಲು ಬರುತ್ತದೆ. ಮುರಕಲ್ಲಿನ ಕೋರೆಯ ಕಚ್ಚಾ ದಾರಿಯಲ್ಲಿ ದಿನಾ ಹೊರೆ ಹೊತ್ತು ಹೋಗುವವರು ಇನ್ನೂ ಸ್ಪೋಕ್ ಚಕ್ರವನ್ನೇ ಹಿಡಿದುಕೊಂಡಿದ್ದರೆ ಅದಕ್ಕೆ ಅರ್ಥವಿದೆ.

ಸ್ಕೂಟರಿನ ಹಿಂದಿನ ಚಕ್ರ, ಆಟಿಯ ಮಳೆ, ಒಂದು ಪ್ಲಗ್

ಒಂದು ಪ್ರಸಂಗವನ್ನು ಹಿಡಿದೇ ಹೇಳುತ್ತೇನೆ. ಆಟಿ ತಿಂಗಳ ಒಂದು ಸಂಜೆ ನಾನೂ ಭಾವನೂ ಬದಿಯಡ್ಕದಿಂದ ಪೆರ್ಲದ ಕಡೆಗೆ ಬರುತ್ತಿದ್ದೆವು, ನಾನು ಸ್ಕೂಟರಿನಲ್ಲಿ, ಭಾವ ತನ್ನ ಹಳೆಯ ಸ್ಪೋಕ್ ಚಕ್ರದ ಬೈಕಿನಲ್ಲಿ. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚು. ನೀರು ಹರಿದು ಆಣಿ, ಗಾಜಿನ ಚೂರು, ತಂತಿಯ ತುಂಡುಗಳನ್ನೆಲ್ಲ ರಸ್ತೆಗೆ ತಂದು ಹಾಕುತ್ತದೆ. ಮೇಲಾಗಿ ಒದ್ದೆಯಾದ ರಬ್ಬರನ್ನು ಚೂಪಾದ ವಸ್ತು ಬೇಗ ಕೊಯ್ಯುತ್ತದೆ. ತಿರುವಿನಲ್ಲಿ ನನ್ನ ಸ್ಕೂಟರಿನ ಹಿಂದಿನ ಚಕ್ರ ತೇಲಿದ ಹಾಗೆ ಆಯಿತು.

"ಎಂತ ಆಯಿತು?" ಎಂದು ಭಾವ ಕೇಳಿದ.

"ಹಿಂದೆ ಗಾಳಿ ಇಲ್ಲ ಕಾಣುತ್ತದೆ. ನೋಡುವ, ಟಾರ್ಚ್ ಹಿಡಿ."

ಮೊದಲ ಕೆಲಸ ಸ್ಕೂಟರನ್ನು ಗಟ್ಟಿ ನೆಲದಲ್ಲಿ ನಡುಸ್ಟ್ಯಾಂಡಿಗೆ ಹಾಕುವುದು. ಎಂಜಿನ್ ಆಫ್ ಮಾಡಿ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಸೈಲೆನ್ಸರ್ ಬಿಸಿ ಇರುತ್ತದೆ, ಕೈ ಆ ಬದಿಗೆ ಹೋಗದಿರಲಿ. ಆಣಿಯ ತಲೆ ಕಂಡರೆ ಒಳ್ಳೆಯದು. ಕಾಣದಿದ್ದರೆ ಟಯರಿನ ಮೇಲೆ ನೀರು ಸುರಿದು ನೋಡಬೇಕು. ಮಳೆ ಬರುತ್ತಿದ್ದರೆ ಅದೂ ಬೇಡ, ಒದ್ದೆ ಟಯರೇ ಗುಳ್ಳೆ ತೋರಿಸುತ್ತದೆ. ಎಲ್ಲೂ ಗುಳ್ಳೆ ಇಲ್ಲ ಎಂದಾದರೆ ವಾಲ್ವಿನ ಮುಚ್ಚಳ ತೆಗೆದು ಬಾಯಿಗೆ ಒಂದು ಹನಿ ನೀರು ಬಿಡಿ. ಅದು ಉಬ್ಬಿದರೆ ಪಂಕ್ಚರ್ ಅಲ್ಲ, ವಾಲ್ವ್ ಪಿನ್ ಸಡಿಲ. ರಬ್ಬರ್ ವಾಲ್ವನ್ನು ಮೆಲ್ಲಗೆ ಬಗ್ಗಿಸಿ ಬುಡವನ್ನೂ ನೋಡಿ. ಹಳೆಯದಾದ ವಾಲ್ವು ಅಲ್ಲಿ ಬಿರಿಯುತ್ತದೆ. ಟಯರ್ ಬದಲಿಸುವಾಗ ವಾಲ್ವನ್ನೂ ಬದಲಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಆ ದಿನ ಆಣಿ ಸಿಕ್ಕಿತು, ಟಯರಿನ ನಡುಪಟ್ಟಿಯಲ್ಲಿ, ಸ್ವಲ್ಪ ಓರೆಯಾಗಿ ಹೊಕ್ಕಿತ್ತು. ಕಿಟ್ಟಿನಲ್ಲಿ ಇರುವುದು ಬಹಳವಿಲ್ಲ. ತುದಿಗೆ ಅರದ ಹಲ್ಲುಗಳಿರುವ ಒಂದು ಕೊರೆಯುವ ಸೂಜಿ, ತುದಿಯಲ್ಲಿ ಸೀಳಿದ ಕಣ್ಣಿರುವ ಇನ್ನೊಂದು ಸೂಜಿ, ಅಂಟು ಹಚ್ಚಿದ ಕಂದು ಬಣ್ಣದ ರಬ್ಬರ್ ಪಟ್ಟಿಗಳು, ಒಂದು ಸಣ್ಣ ಟ್ಯೂಬು ಸೊಲ್ಯೂಷನ್, ಒಂದು ಬ್ಲೇಡು. ಇಕ್ಕಳವೊಂದನ್ನು ನಾವೇ ಸೇರಿಸಿಕೊಳ್ಳಬೇಕು, ಕಿಟ್ಟಿನ ಜೊತೆ ಬರುವ ಇಕ್ಕಳ ಹೆಚ್ಚಾಗಿ ಆಟದ ಸಾಮಾನು.

ಆಣಿ ಕೀಳುವ ಮೊದಲೇ ಪಟ್ಟಿಯನ್ನು ಸೀಳುಕಣ್ಣಿನ ಸೂಜಿಗೆ ಪೋಣಿಸಿ ಇಟ್ಟುಕೊಳ್ಳಬೇಕು, ಎರಡೂ ಬದಿಗೆ ಸಮನಾಗಿ ಇಳಿಬಿದ್ದಿರಲಿ. ತೆಳು ಟಯರಿನ ಸ್ಕೂಟರಿಗೆ ಸಾಧ್ಯವಾದರೆ ತೆಳು ಪಟ್ಟಿ. ಕಾರಿಗೆಂದು ಬರುವ ದಪ್ಪ ಪಟ್ಟಿಯನ್ನು ಸಣ್ಣ ತೂತಿಗೆ ತುರುಕಬೇಕಾದರೆ ತೂತನ್ನು ಅನಾವಶ್ಯಕವಾಗಿ ದೊಡ್ಡದು ಮಾಡಬೇಕಾಗುತ್ತದೆ. ಇಷ್ಟೆಲ್ಲ ಕೈಗೆ ಸಿಗುವಂತೆ ಇಟ್ಟ ಮೇಲೆ ಆಣಿಯನ್ನು ಇಕ್ಕಳದಲ್ಲಿ ಹಿಡಿದು, ಹೊಕ್ಕ ಓರೆಯಲ್ಲೇ ಹೊರಗೆ ಎಳೆಯಬೇಕು. ಆ ದಿಕ್ಕನ್ನು ನೆನಪಿಡಿ. ಓರೆಯಾಗಿ ಹೊಕ್ಕ ತೂತಿಗೆ ನೇರವಾಗಿ ಸೂಜಿ ಚುಚ್ಚಿದರೆ ಟಯರಿನ ನೂಲಿನ ಪದರದಲ್ಲಿ ಎರಡನೆಯ ತೂತು ಹುಟ್ಟುತ್ತದೆ. ಹೊರಗೆ ಒಂದು, ಒಳಗೆ ಎರಡು. ಪ್ಲಗ್ ಹಾಕಿದ ಮೇಲೂ ಗಾಳಿ ಸೋರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಕೊರೆಯುವ ಸೂಜಿಗೆ ಸೊಲ್ಯೂಷನ್ ಹಚ್ಚಿ, ಬಲಕ್ಕೆ ತಿರುಗಿಸುತ್ತಾ ತೂತಿಗೆ ಇಳಿಸಿ, ಐದಾರು ಸಲ ಮೇಲೆ ಕೆಳಗೆ ಆಡಿಸಬೇಕು. ಮೊದಲು ತುಂಬ ಬಿಗಿ ಇರುತ್ತದೆ, ಆಮೇಲೆ ಸಲೀಸಾಗುತ್ತದೆ. ಸಲೀಸಾದ ಕೂಡಲೇ ನಿಲ್ಲಿಸಿ. ತೂತಿನ ಒಳಮೈ ಒರಟಾಗಬೇಕು, ಕಸ ಹೋಗಬೇಕು, ಅಷ್ಟೇ. ಆಮೇಲೆ ಪೋಣಿಸಿದ ಪಟ್ಟಿಗೆ ಸೊಲ್ಯೂಷನ್ ಸವರಿ, ಅದೇ ಓರೆಯಲ್ಲಿ, ದೇಹದ ಭಾರ ಬಿಟ್ಟು ಒತ್ತಬೇಕು. ಪಟ್ಟಿಯ ಎರಡು ಬಾಲಗಳು ಹೊರಗೆ ಸುಮಾರು ಒಂದೂವರೆ ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಸೂಜಿಯನ್ನು ತಿರುಗಿಸದೆ, ಒಂದೇ ಎಳೆತಕ್ಕೆ ನೇರವಾಗಿ ಹೊರಗೆ ಎಳೆಯಬೇಕು. ಸೀಳುಕಣ್ಣು ಪಟ್ಟಿಯನ್ನು ಒಳಗೆ ಬಿಟ್ಟು ಬರುತ್ತದೆ. ಹೆದರಿ ಮೆಲ್ಲಗೆ ಎಳೆದರೆ ಪಟ್ಟಿಯೂ ಜೊತೆಗೆ ಬರುತ್ತದೆ.

ಬಾಲವನ್ನು ಎಳೆದು ಹಿಡಿದು ಕತ್ತರಿಸಬಾರದು. ಹಿಗ್ಗಿದ ಪಟ್ಟಿ ಕತ್ತರಿಸಿದ ಮೇಲೆ ಒಳಗೆ ಸರಿಯುತ್ತದೆ. ಟಯರಿನ ಮೈಯಿಂದ ಎರಡು ಮೂರು ಮಿಲಿಮೀಟರ್ ಮೇಲೆ ಬ್ಲೇಡಿನಿಂದ ಕೊಯ್ದರೆ ಸಾಕು, ಉಳಿದದ್ದನ್ನು ರಸ್ತೆಯೇ ಸವೆಸುತ್ತದೆ. ಆಮೇಲೆ ಗಾಳಿ. ಹಲವು 110 ಸಿಸಿ ಸ್ಕೂಟರುಗಳ ಹಿಂದಿನ ಚಕ್ರಕ್ಕೆ ಒಬ್ಬರೇ ಇದ್ದಾಗ 29 ಪಿಎಸ್‌ಐ, ಇಬ್ಬರಾದರೆ 36. ನಿಮ್ಮ ವಾಹನದ್ದು ಕೈಪಿಡಿಯಲ್ಲಿ ಇರುತ್ತದೆ. ಗಾಳಿ ತುಂಬಿದ ಮೇಲೆ ಪ್ಲಗ್ಗಿನ ಸುತ್ತ ನೀರು ಬಿಟ್ಟು ಗುಳ್ಳೆ ನೋಡಿ. ಗುಳ್ಳೆ ಬಂದರೆ ಅದೇ ತೂತಿಗೆ ಇನ್ನೊಂದು ಪಟ್ಟಿ ಒತ್ತಬಹುದು. ಎರಡರಲ್ಲೂ ನಿಲ್ಲದಿದ್ದರೆ ಆ ತೂತು ಪ್ಲಗ್ಗಿಗೆ ತಕ್ಕದ್ದಲ್ಲ. ನಿಂತರೆ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಹೋಗಿ, ನಿಲ್ಲಿಸಿ, ಮತ್ತೊಮ್ಮೆ ನೋಡಬೇಕು. ಬಿಸಿಯಾಗಿ ಬಾಗಿದ ಮೇಲೆ ಸೋರುವ ಪ್ಲಗ್ ಅಲ್ಲೇ ಸುಳಿವು ಕೊಡುತ್ತದೆ. ನಾವು ಪೆರ್ಲ ತಲಪುವಾಗ ಗಾಳಿ ಕೂದಲಷ್ಟೂ ಇಳಿದಿರಲಿಲ್ಲ.

ಗಾಳಿ ಹಾಕುವ ಸಾಧನ ಇಲ್ಲದೆ ಪ್ಲಗ್ ಕಿಟ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಕಾಲುಪಂಪು ದೊಡ್ಡದು, ಆದರೆ ಯಾವ ಕಾಲಕ್ಕೂ ಕೈಕೊಡುವುದಿಲ್ಲ. ಚಾರ್ಜ್ ಮಾಡುವ ಸಣ್ಣ ಪಂಪು ಸೀಟಿನ ಅಡಿಯಲ್ಲಿ ಹಿಡಿಸುತ್ತದೆ, ತಿಂಗಳಿಗೊಮ್ಮೆ ಚಾರ್ಜ್ ನೋಡುವ ಅಭ್ಯಾಸ ಬೇಕು. ಎರಡಕ್ಕೂ ಒಂದು ಮಿತಿಯಿದೆ. ಗಾಳಿ ಪೂರ್ತಿ ಹೋದ ಟ್ಯೂಬ್‌ಲೆಸ್ಸನ್ನು ತಳ್ಳಿಕೊಂಡೋ ಓಡಿಸಿಕೊಂಡೋ ಹೋದರೆ ಟಯರಿನ ಅಂಚು ರಿಮ್ಮಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಸಣ್ಣ ಪಂಪಿನ ಗಾಳಿ ಬಂದಷ್ಟೇ ವೇಗದಲ್ಲಿ ಅಂಚಿನಿಂದ ಹೊರಗೆ ಹೋಗುತ್ತದೆ, ಅಂಗಡಿಯ ಕಂಪ್ರೆಸರ್ ಇಲ್ಲದೆ ಕೂರುವುದು ಕಷ್ಟ. ಅದರಿಂದ ಗಾಳಿ ಹೋದದ್ದು ತಿಳಿದ ಜಾಗದಲ್ಲೇ ನಿಲ್ಲಿಸುವುದು ಮುಖ್ಯ.

ಪ್ಲಗ್ ಎಲ್ಲಿ ಸಲ್ಲದು, ಒಳಪ್ಯಾಚ್ ಯಾಕೆ ಬೇಕು

ಪ್ಲಗ್ ಹೊರಗಿನಿಂದ ತುರುಕುವ ಬಿರಡೆ. ತೂತಿನ ದಾರಿಯನ್ನು ತುಂಬುತ್ತದೆ, ಒಳಗಿನ ಗಾಳಿ ಕಟ್ಟುವ ಪದರವನ್ನು ಮುಚ್ಚುವುದಿಲ್ಲ. ಆದ್ದರಿಂದ ಅದನ್ನು ತಾತ್ಕಾಲಿಕ ಎಂದೇ ಲೆಕ್ಕ ಹಾಕಬೇಕು. ಅಂಗಡಿಯಲ್ಲಿ ಟಯರ್ ಕಳಚಿ, ಒಳಮೈಯನ್ನು ಉಜ್ಜಿ ಒರಟು ಮಾಡಿ, ಸೊಲ್ಯೂಷನ್ ಹಚ್ಚಿ, ಒಳಗಿನಿಂದ ಕೂರಿಸುವ ಮಶ್ರೂಮ್ ಪ್ಯಾಚ್ ಎಂಬುದೊಂದಿದೆ. ಕೊಡೆ ಬಿಚ್ಚಿದ ಹಾಗೆ ಅದರ ಅಗಲದ ತಲೆ ಒಳಗೆ ಪದರಕ್ಕೆ ಅಂಟುತ್ತದೆ, ಕಾಂಡ ತೂತಿನಿಂದ ಹೊರಗೆ ಬಂದು ದಾರಿ ತುಂಬುತ್ತದೆ. ಎರಡು ಕೆಲಸ ಒಟ್ಟಿಗೆ. ಬರೀ ಚಪ್ಪಟೆ ಪ್ಯಾಚ್ ಹಾಕಿದರೆ ಗಾಳಿ ನಿಲ್ಲುತ್ತದೆ, ಆದರೆ ಹೊರಗಿನ ತೂತು ತೆರೆದೇ ಇರುವುದರಿಂದ ಮಳೆನೀರು, ಮಣ್ಣು ನೂಲಿನ ಪದರಕ್ಕೆ ಇಳಿಯುತ್ತದೆ. ನಮ್ಮ ಮಳೆಗೆ ಅದು ಸಾಲದು.

ಒಳಪ್ಯಾಚಿನ ದೊಡ್ಡ ಉಪಕಾರ ಇನ್ನೊಂದು. ಟಯರ್ ಕಳಚಿದಾಗ ಒಳಗನ್ನು ಕಣ್ಣಿನಿಂದ ನೋಡಲು ಸಿಗುತ್ತದೆ. ಗಾಳಿ ಇಲ್ಲದೆ ಓಡಿದ ಟಯರಿನ ಒಳಗೆ ನುಣ್ಣನೆಯ ಕಪ್ಪು ರಬ್ಬರ್ ಪುಡಿ ಉದುರಿರುತ್ತದೆ, ಬದಿಯ ಒಳಮೈಯಲ್ಲಿ ಸುತ್ತಲೂ ಸವೆದ ಗೆರೆ ಕಾಣುತ್ತದೆ. ಹಾಗಿದ್ದರೆ ಆ ಟಯರಿನ ಬದಿ ಒಳಗಿನಿಂದ ಸತ್ತಿದೆ, ಪ್ಯಾಚ್ ಎಷ್ಟು ಚೆನ್ನಾಗಿ ಕೂತರೂ ಉಪಯೋಗವಿಲ್ಲ. ಹೊರಗಿನಿಂದ ಇದು ಗೊತ್ತಾಗುವುದೇ ಇಲ್ಲ.

ನೆಲಕ್ಕೆ ತಾಗುವ ಪಟ್ಟಿಯ ನಡುಭಾಗದಲ್ಲಿ, ಸುಮಾರು 6 ಮಿಲಿಮೀಟರಿನ ಒಳಗಿನ ತೂತಿಗೆ ಮಾತ್ರ ರಿಪೇರಿ. ಪಟ್ಟಿ ಮುಗಿದು ಬದಿಗೆ ತಿರುಗುವ ಹೆಗಲಿನಲ್ಲಿ, ಬದಿಯಲ್ಲಿ ಪ್ಲಗ್ಗೂ ಬೇಡ, ಪ್ಯಾಚೂ ಬೇಡ. ಪ್ರತಿ ಸುತ್ತಿಗೂ ಬಾಗುವ ಭಾಗ ಅದು, ಬಾಗುವ ರಬ್ಬರಿನಲ್ಲಿ ಬಿರಡೆ ನಿಲ್ಲುವುದಿಲ್ಲ. ತೂತು ದುಂಡಗಿರದೆ ಸೀಳಾಗಿದ್ದರೂ ಅಷ್ಟೇ. ಹಳೆಯ ರಿಪೇರಿಗೆ ತಾಗಿಕೊಂಡೇ ಹೊಸ ತೂತು ಆದರೂ ಬೇಡ. ಟಯರಿನ ಚಡಿಯೊಳಗಿನ ಸವೆತದ ಗುರುತು ಪಟ್ಟಿಯ ಮಟ್ಟಕ್ಕೆ ಬಂದಿದ್ದರೆ ರಿಪೇರಿಗೆ ಕೊಡುವ ಹಣ ಹೊಸ ಟಯರಿಗೆ ಹೋಗಲಿ.

ಪ್ಲಗ್ಗೇ ಶಾಶ್ವತ ಎಂದು ಹೇಳುವ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಿಂದಿನ ಚಕ್ರದ ನಡುವಿನ ಸಣ್ಣ ತೂತಿಗೆ ಹಾಕಿದ ಪ್ಲಗ್ ಟಯರ್ ಸವೆಯುವವರೆಗೂ ನಿಂತದ್ದನ್ನು ನಾನೂ ನೋಡಿದ್ದೇನೆ. ಆದರೂ ಮುಂದಿನ ಚಕ್ರದಲ್ಲಿ ನಾನು ಪ್ಲಗ್ಗನ್ನು ನಂಬುವುದಿಲ್ಲ. ಅಂಗಡಿ ಸಿಗುವವರೆಗೆ ಗಂಟೆಗೆ ನಲವತ್ತರೊಳಗೆ ಹೋಗಿ, ಮಾರನೆಯ ದಿನವೇ ಒಳಗಿನಿಂದ ಮಾಡಿಸುತ್ತೇನೆ. "ಕಳಚುವುದು ಎಂತಕ್ಕೆ ಮಾರಾಯ್ರೇ, ಇದೇ ಸಾಕು" ಎಂದರೆ "ಸಾಕಾಗದು ಅಣ್ಣ, ಕಳಚಿ ಒಳಗೆ ನೋಡಿ" ಎಂದು ಹೇಳಿ ಪಕ್ಕದಲ್ಲೇ ನಿಲ್ಲುವುದು ಒಳ್ಳೆಯದು.

ಅದೇ ಆಣಿ ಭಾವನ ಬೈಕಿಗೆ ಹೊಕ್ಕಿದ್ದರೆ

ಹಿಂದಿನ ಚಕ್ರಕ್ಕೇ ಹೊಕ್ಕಿದ್ದರೆ ಆ ಸಂಜೆ ಬೇರೆಯೇ ಆಗುತ್ತಿತ್ತು. ಟ್ಯೂಬ್ ತೆಗೆಯಬೇಕಾದರೆ ಚಕ್ರ ಕಳಚಬೇಕು: ಆಕ್ಸಲ್ ನಟ್ಟು, ಬ್ರೇಕ್ ರಾಡ್, ಚೈನಿನ ಬಿಗಿ. ಅದಕ್ಕೆ ತಕ್ಕ ಸ್ಪ್ಯಾನರುಗಳು ಬೇಕು, ಎರಡು ಟಯರ್ ಲಿವರ್ ಬೇಕು. ವಾಲ್ವಿನ ನಟ್ಟು, ಪಿನ್ ತೆಗೆದು, ಉಳಿದ ಗಾಳಿ ಬಿಟ್ಟು, ಟಯರಿನ ಒಂದು ಬದಿಯ ಅಂಚನ್ನು ಸುತ್ತಲೂ ತುಳಿದು ರಿಮ್ಮಿನ ನಡುಹಳ್ಳಕ್ಕೆ ಇಳಿಸಿದ ಮೇಲಷ್ಟೇ ಲಿವರ್ ಹಾಕಬೇಕು. ಅಂಚನ್ನು ಹಳ್ಳಕ್ಕೆ ಇಳಿಸದೆ ಬಲಪ್ರಯೋಗ ಮಾಡಿದರೆ ಲಿವರ್ ಟ್ಯೂಬನ್ನೇ ಕಚ್ಚುತ್ತದೆ.

ಹೊರಬಂದ ಟ್ಯೂಬಿಗೆ ಗಾಳಿ ಹಾಕಿ ತೂತು ಎಲ್ಲಿದೆ ಎಂದು ನೋಡುವಾಗ, ಯಾವ ಬದಿಯಲ್ಲಿದೆ ಎಂಬುದನ್ನೂ ನೋಡಬೇಕು. ಟಯರಿನ ಬದಿಗೆ ಇದ್ದರೆ ರಸ್ತೆಯ ಆಣಿ ಅಥವಾ ಮುಳ್ಳು. ವಾಲ್ವಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದು ಟಯರಿನ ಅದೇ ಜಾಗವನ್ನು ಬಟ್ಟೆ ಸುತ್ತಿದ ಬೆರಳಿನಿಂದ ತಡವಿದರೆ ಒಳಗೆ ಉಳಿದ ತುದಿ ಸಿಗುತ್ತದೆ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ಮೂರನೆಯ ತಿರುವಿಗೆ ಮತ್ತೆ ಪಂಕ್ಚರ್. ರಿಮ್ಮಿನ ಬದಿಗೆ ತೂತಿದ್ದರೆ ರಸ್ತೆಯ ತಪ್ಪಲ್ಲ, ಸ್ಪೋಕಿನ ತುದಿ ರಿಮ್ ಟೇಪನ್ನು ದಾಟಿ ಮೇಲೆದ್ದಿದೆ. ಅರದಿಂದ ಉಜ್ಜಿ, ಟೇಪು ಬದಲಿಸಬೇಕು. ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳುಗಳಿದ್ದರೆ ಹೊಂಡಕ್ಕೆ ಬಿದ್ದಾಗ ಟ್ಯೂಬ್ ರಿಮ್ಮಿನ ಅಂಚಿಗೂ ಟಯರಿಗೂ ನಡುವೆ ಸಿಕ್ಕಿದೆ ಎಂದು ಅರ್ಥ. ಗಾಳಿ ಕಡಿಮೆ ಇಟ್ಟು ಓಡಿಸುವವರ ಪಂಕ್ಚರ್ ಇದು.

ಪ್ಯಾಚ್ ಹಾಕುವುದರಲ್ಲಿ ಎಲ್ಲವೂ ನಿಂತಿರುವುದು ಒಣಗುವ ಹೊತ್ತಿನ ಮೇಲೆ. ತೂತಿನ ಸುತ್ತ ಪ್ಯಾಚಿಗಿಂತ ಅಗಲವಾಗಿ ಮರಳು ಕಾಗದದಿಂದ ಉಜ್ಜಿ ಹೊಳಪು ತೆಗೆಯಬೇಕು, ಅಚ್ಚಿನ ಏಣು ಅಡ್ಡ ಬಂದರೆ ಅದನ್ನೂ ಸಮ ಮಾಡಬೇಕು. ಸೊಲ್ಯೂಷನನ್ನು ತೆಳುವಾಗಿ ಸವರಿ, ಬೆರಳಿಗೆ ಅಂಟಿದರೂ ಒದ್ದೆ ತಾಗದಷ್ಟು ಹೊತ್ತು ಕಾಯಬೇಕು. ಬೇಸಿಗೆಯಲ್ಲಿ ಮೂರು ನಾಲ್ಕು ನಿಮಿಷ, ಆಟಿಯ ತೇವದಲ್ಲಿ ಅದಕ್ಕಿಂತ ಹೆಚ್ಚು. ಒದ್ದೆ ಇರುವಾಗಲೇ ಒತ್ತಿದರೆ ಪ್ಯಾಚಿನ ಅಂಚು ಎದ್ದುಬರುತ್ತದೆ. ಮಳೆಯ ಹನಿ ಒಂದು ಬಿದ್ದರೂ ಮೊದಲಿನಿಂದ ಶುರು. ಅಂಗಡಿಗಳಲ್ಲಿ ಬಿಸಿ ಒತ್ತುಯಂತ್ರ ಇಟ್ಟು ಹಾಕುವ ಪ್ಯಾಚ್ ಇದಕ್ಕಿಂತ ಗಟ್ಟಿ. ವಾಲ್ವಿನ ಬುಡದಲ್ಲೇ ಸೋರಿದರೆ ಯಾವ ಪ್ಯಾಚೂ ನಿಲ್ಲದು, ಟ್ಯೂಬ್ ಬದಲಿಸುವುದೇ.

ಇದಕ್ಕಾಗಿ ಸ್ಪೋಕ್ ಬೈಕಿನವರಿಗೆ ನನ್ನ ಸಲಹೆ: ದಾರಿಯಲ್ಲಿ ಪ್ಯಾಚ್ ಹಾಕಲು ಹೋಗಬೇಡಿ, ಹೊಸ ಟ್ಯೂಬ್ ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪೌಡರ್ ಹಾಕಿ, ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. 2.75-18, 80/100-18 ಎಂದು ನಿಮ್ಮ ಟಯರಿನ ಬದಿಯಲ್ಲಿರುವ ಅಳತೆಯದ್ದೇ ಆಗಿರಲಿ. ಹಾಕುವಾಗ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಕೊಟ್ಟು ಕೂರಿಸಿದರೆ ಅದು ಒಳಗೆ ಮಡಚುವುದಿಲ್ಲ. ಅಂಚನ್ನು ರಿಮ್ಮಿಗೆ ಏರಿಸುವಾಗ ವಾಲ್ವಿನ ಬಳಿಯನ್ನು ಕೊನೆಗೆ ಮುಗಿಸಿ, ಆಮೇಲೆ ವಾಲ್ವನ್ನು ಒಮ್ಮೆ ಒಳಗೆ ಒತ್ತಿ ಬಿಡಿ, ಅಡಿಯಲ್ಲಿ ಸಿಕ್ಕಿದ ಟ್ಯೂಬ್ ಬಿಡಿಸಿಕೊಳ್ಳುತ್ತದೆ. ತೂತಾದ ಟ್ಯೂಬಿಗೆ ಮನೆಯಲ್ಲೋ ಅಂಗಡಿಯಲ್ಲೋ ನಿಧಾನಕ್ಕೆ ಪ್ಯಾಚ್ ಹಾಕಿಸಬಹುದು. ಅಭ್ಯಾಸ ಇರುವವರಿಗೂ ಇದು ಮುಕ್ಕಾಲು ಗಂಟೆಯ ಕೆಲಸ. ಪ್ಲಗ್ ಕಾಲು ಗಂಟೆಯದ್ದು.

ಟ್ಯೂಬ್‌ಲೆಸ್ಸಿಗೆ ಟ್ಯೂಬ್ ಹಾಕಬಹುದೇ?

ಟಯರಿನಲ್ಲಿ ಪ್ಲಗ್ಗುಗಳು ಹೆಚ್ಚಾದಾಗ, ರಿಮ್ಮಿನ ಅಂಚು ಸೋರುವಾಗ ಅಂಗಡಿಯಲ್ಲಿ "ಒಂದು ಟ್ಯೂಬ್ ಹಾಕಿಬಿಡುವ" ಎನ್ನುತ್ತಾರೆ. ಮನೆ ಸೇರಲು ಅದೊಂದೇ ದಾರಿ ಎಂದಾದರೆ ಹಾಕಿಸಿ, ವೇಗ ಕಡಿಮೆ ಇಡಿ. ಕಾಯಂ ಆಗಿ ಬೇಡ. ಟ್ಯೂಬ್‌ಲೆಸ್ ಟಯರಿನ ಒಳಮೈಯ ಏಣುಗಳು ಟ್ಯೂಬನ್ನು ತಿಕ್ಕುತ್ತವೆ, ಬಿಸಿ ಹೆಚ್ಚುತ್ತದೆ, ಮೆಲ್ಲಗೆ ಗಾಳಿ ಬಿಡುವ ಗುಣವೂ ಹೋಗುತ್ತದೆ. ಹಳೆಯ ಪ್ಲಗ್ಗುಗಳ ಒಳಗಿನ ತುದಿಗಳನ್ನು ಕತ್ತರಿಸದೆ ಟ್ಯೂಬ್ ಹಾಕಿದರೆ ಅವೇ ಅದನ್ನು ಸವೆಸುತ್ತವೆ.

ವಾಲ್ವಿನಿಂದ ಒಳಗೆ ಸುರಿಯುವ ಸೀಲೆಂಟ್ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ, ನಿಜ. ಆದರೆ ಆಣಿ ಹೊಕ್ಕದ್ದು ತಿಳಿಯದೆ ಹೋಗುತ್ತದೆ, ಆಮೇಲೆ ಒಳಪ್ಯಾಚ್ ಹಾಕಬೇಕಾದರೆ ಅಂಟಂಟಾದ ಒಳಮೈಯನ್ನು ತೊಳೆದು ಒಣಗಿಸಿದ ಹೊರತು ಪ್ಯಾಚ್ ಹಿಡಿಯದು. ಹಾಕಿಸಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿಬಿಡಿ.

ಯಾರಿಗೆ ಯಾವುದು

ಕುಂಬಳೆಯಿಂದ ಮುಳ್ಳೇರಿಯಕ್ಕೆ, ಪೆರ್ಲದಿಂದ ಕಾಸರಗೋಡಿಗೆ ದಿನಾ ಕೆಲಸಕ್ಕೆ ಹೋಗಿ ಬರುವವರು, ಕತ್ತಲಾದ ಮೇಲೆ ಒಬ್ಬರೇ ಮರಳುವವರು, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು, ಸ್ವಲ್ಪ ಹೆಚ್ಚು ಕೊಟ್ಟಾದರೂ ಅಲಾಯಿ ಚಕ್ರ, ಟ್ಯೂಬ್‌ಲೆಸ್ ತೆಗೆದುಕೊಳ್ಳಲಿ. ತೋಟದೊಳಗೆ, ಗುಡ್ಡದ ಕಲ್ಲುದಾರಿಯಲ್ಲಿ ಗೊಬ್ಬರದ ಚೀಲ, ಅಡಿಕೆಗೊನೆ ಹೇರಿಕೊಂಡು ಹೋಗುವ, ಪೇಟೆಗೆ ಅಪರೂಪಕ್ಕೆ ಬರುವ ಬೈಕಿಗೆ ಸ್ಪೋಕ್, ಟ್ಯೂಬ್ ಇರಲಿ. ಅಲ್ಲಿ ರಿಮ್ಮಿನ ಹೊಡೆತವೇ ಪಂಕ್ಚರಿಗಿಂತ ದೊಡ್ಡ ಖರ್ಚು. ಈಗಾಗಲೇ ಸ್ಪೋಕ್ ಬೈಕ್ ಇರುವವರು ಟ್ಯೂಬ್‌ಲೆಸ್ ಟಯರಿಗೆಂದು ಹೆಚ್ಚು ಕೊಡಬೇಕಾಗಿಲ್ಲ, ಒಳ್ಳೆಯ ಟ್ಯೂಬಿಗೆ, ಹೊಸ ರಿಮ್ ಟೇಪಿಗೆ ಕೊಡಲಿ.

ಯಾವುದನ್ನು ತೆಗೆದುಕೊಂಡರೂ ಕಿಟ್ಟನ್ನು ಪ್ರತಿ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ, ಒಮ್ಮೆ ಬಿಚ್ಚಿ ನೋಡಿ. ಒಮ್ಮೆ ತೆರೆದ ಸೊಲ್ಯೂಷನ್ ಬಿಗಿಯಾಗಿ ಮುಚ್ಚಳ ಹಾಕಿದರೂ ಕೆಲವು ತಿಂಗಳಲ್ಲಿ ಒಣಗುತ್ತದೆ, ಒತ್ತಿ ನೋಡಿದರೆ ಗೊತ್ತಾಗುತ್ತದೆ. ಪಟ್ಟಿಗಳ ಅಂಟು ಸೀಟಿನಡಿಯ ಬಿಸಿಗೆ ಆರಿಹೋಗುತ್ತದೆ. ಬೆರಳಿನಲ್ಲಿ ಹಿಚುಕಿದರೆ ಅಂಟಬೇಕು, ಬಿರುಸಾಗಿ ಮುರಿದರೆ ಹೊಸದು ತನ್ನಿ.